ಪರ–ವಿರೋಧ: ಮೆಕ್ಕೆಜೋಳವನ್ನು ಸರ್ಕಾರ ಬೆಂಬಲ ಬೆಲೆಗೆ ಕೊಳ್ಳಬೇಕೆ?

ಪರ: ರೇಟು ಕಟ್ಟಿದವರು ಮಾಲನ್ನೂ ಎತ್ತಬೇಕು
*(ಜಗಳೂರು ತಾಲ್ಲೂಕಿನ ರೈತ ಮಹಿಳೆ)*

2025-26ರ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮುಂಗಾರು ಬಿತ್ತನೆಯ ಹೊತ್ತಿಗೆ ಕೇಂದ್ರ ಸರ್ಕಾರ ಇದನ್ನು ಘೋಷಿಸಿತು, ಪೇಪರಿನಲ್ಲಿ ಬಂತು, ಊರಿನ ಕಟ್ಟೆಯ ಮೇಲೆ ಎಲ್ಲರೂ ಓದಿದರು. ನವೆಂಬರಿನಲ್ಲಿ ತೆನೆ ಮುರಿದು ಕಾಳು ಮಾಡಿಸಿ ಮಾರುಕಟ್ಟೆಗೆ ಹೋದರೆ ರಾಜ್ಯದ ಬಹುಪಾಲು ಕಡೆ 1,600ರಿಂದ 1,800ರ ಆಸುಪಾಸು. ಕೊಳ್ಳುವ ಕೇಂದ್ರ ತೆರೆಯಿರಿ ಎಂದು ರೈತರು ಬೀದಿಗಿಳಿದರು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಪತ್ರ ಹೋಗಿ ಬರುವಷ್ಟು ದಿನ ಕಾಳು ಇಟ್ಟುಕೊಳ್ಳಲು ನಮ್ಮಲ್ಲಿ ಎಷ್ಟು ಜನರಿಗೆ ಜಾಗವಿದೆ?

ಬೆಂಬಲ ಬೆಲೆ ವ್ಯಾಪಾರಿಯನ್ನು ಕಟ್ಟಿಹಾಕುವುದಿಲ್ಲ. ಅದಕ್ಕಿಂತ ಕಡಿಮೆ ಬರೆದ ಟೆಂಡರನ್ನು ತಿರಸ್ಕರಿಸುವ ಹಕ್ಕು ರೈತನಿಗಿದೆ, ಆದರೆ ತಿರಸ್ಕರಿಸಿದ ಮೇಲೆ ಮಾಲನ್ನು ಎಲ್ಲಿಗೆ ಒಯ್ಯಬೇಕು? ಆ ಬೆಲೆಗೆ ನಾನು ಕೊಳ್ಳುತ್ತೇನೆ ಎನ್ನುವ ಒಬ್ಬ ಖರೀದಿದಾರ ಅಲ್ಲೇ ನಿಂತಿದ್ದರೆ ಮಾತ್ರ 2,400 ಎಂಬುದು ರೇಟು ಕೆಳಗಿಳಿಯದಂತೆ ತಡೆಯುವ ನೆಲ. ಇಲ್ಲದಿದ್ದರೆ ಅದು ಬರೀ ಅಂಕಿ. ರಾಗಿಗೆ ಆ ಖರೀದಿದಾರ ಇದ್ದಾನೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ ನಮ್ಮ ನೆಂಟರು ರೈತರಿಗೆ ಸರ್ಕಾರ ಕೊಡುವ ಫ್ರೂಟ್ಸ್ ಐಡಿ ಎಂಬ ಗುರುತಿನ ಸಂಖ್ಯೆ ಕೊಟ್ಟು ನೋಂದಣಿ ಮಾಡಿಸಿ ಖರೀದಿ ಕೇಂದ್ರಕ್ಕೆ ರಾಗಿ ಹಾಕುತ್ತಾರೆ, ಹಣ ಖಾತೆಗೆ ಬರುತ್ತದೆ. ತಡವಾಗುತ್ತದೆ, ಆದರೆ ಬರುತ್ತದೆ. ಕೇಂದ್ರ ತೆರೆದಿದೆ ಎಂಬ ಸುದ್ದಿಗೇ ಹೊರಗಿನ ವ್ಯಾಪಾರಿಯೂ ರೇಟು ಏರಿಸುತ್ತಾನೆ. ಎಲ್ಲರ ರಾಗಿಯನ್ನೂ ಸರ್ಕಾರವೇ ಕೊಳ್ಳಬೇಕಾಗಿಲ್ಲ, ಕೊಳ್ಳುತ್ತದೆ ಎಂಬ ಭಯ ವ್ಯಾಪಾರಿಗೆ ಇದ್ದರೆ ಸಾಕು.

ಮೆಕ್ಕೆಜೋಳಕ್ಕೆ ಯಾಕಿಲ್ಲ ಎಂದು ಕೇಳಿದರೆ ಒಂದೇ ಉತ್ತರ: ಅದನ್ನು ರೇಷನ್ ಅಂಗಡಿಯಲ್ಲಿ ಕೊಡಲು ಬರುವುದಿಲ್ಲ. ರಾಗಿಯಾಗಲಿ ಮೆಕ್ಕೆಜೋಳವಾಗಲಿ, ಕೊಂಡದ್ದನ್ನು ಗೊತ್ತುಪಡಿಸಿದ ತಿಂಗಳುಗಳೊಳಗೆ ಪಡಿತರದಲ್ಲಿ ಹಂಚಿ ಮುಗಿಸಬೇಕು ಎಂಬುದು ಕೇಂದ್ರದ ನಿಯಮ. ದಾವಣಗೆರೆಯ ಬಯಲುಸೀಮೆ ತಾಲ್ಲೂಕುಗಳಲ್ಲಿ ಮಳೆ ನಂಬಿದ ಹೊಲದ ತುಂಬ ಇರುವುದು ಮೆಕ್ಕೆಜೋಳ. ಅದನ್ನು ತಿನ್ನುವುದು ಕೋಳಿ, ಪಿಷ್ಟದ ಕಾರ್ಖಾನೆ, ಎಥೆನಾಲ್ ಘಟಕ. ಮನುಷ್ಯರು ತಿನ್ನುವುದಿಲ್ಲ ಎಂಬ ಕಾರಣಕ್ಕೆ ಬೆಳೆದ ಮನುಷ್ಯರಿಗೆ ಬೆಲೆ ಇಲ್ಲವೆ?

ಆ ನವೆಂಬರಿನ ಒಂದು ಸಂಜೆಯನ್ನು ನಾನು ಮರೆಯಲಾರೆ. ಮಾರುಕಟ್ಟೆಯ ಪ್ರಾಂಗಣದಲ್ಲಿ ನಮ್ಮ ರಾಶಿ ಸುರಿದಿದ್ದೆವು. ಮೋಡ ಕವಿದಿತ್ತು, ಹಿಂದಿನ ವಾರ ರಸ್ತೆ ಬದಿ ಹರವಿದ್ದ ಕಾಳು ಪೂರ್ತಿ ಒಣಗಿರಲಿಲ್ಲ. ದಲಾಲಿ ಅಂಗಡಿಯ ಹುಡುಗ ಒಂದು ಹಿಡಿ ಕಾಳು ತೆಗೆದು ತೇವದ ಮಷಿನ್ನಿಗೆ ಹಾಕಿದ.

"ಅಕ್ಕಾ, ಇಪ್ಪತ್ತು ತೋರಸ್ತೈತಿ. ಇವತ್ತು ಹದಿನೇಳು ಐವತ್ತು. ಬ್ಯಾಡಂದ್ರ ತುಂಬ್ಕೊಂಡು ಹೋಗ್ರಿ."

ತುಂಬಿಕೊಂಡು ಹೋಗುವುದಕ್ಕೆ ಹಮಾಲಿ ಕೊಡಬೇಕು, ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕು. ಮನೆಯಲ್ಲಿ ಗೊಬ್ಬರದ ಅಂಗಡಿಯವನು ಎರಡು ಸಲ ಬಂದು ಹೋಗಿದ್ದ. ನಮ್ಮತ್ತೆ ರಾಶಿಯ ಪಕ್ಕದಲ್ಲೇ ಕೂತು ಉದುರಿದ ಕಾಳನ್ನು ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. "ಕೊಟ್ಟು ನಡೀ ತಾಯಿ, ಕತ್ತಲಾಗ್ತೈತಿ" ಅಂದರು. ಕೊಟ್ಟೆವು. ನಾಲ್ಕು ಎಕರೆಯ ಎಂಬತ್ತು ಕ್ವಿಂಟಲ್. ಬೆಂಬಲ ಬೆಲೆಗಿಂತ ಕ್ವಿಂಟಲಿಗೆ 650 ರೂಪಾಯಿಯಂತೆ 52,000 ರೂಪಾಯಿ ಕಡಿಮೆ. ಆ ದುಡ್ಡಿನಲ್ಲಿ ಮಗಳ ಪಿಯುಸಿ ಹಾಸ್ಟೆಲಿನ ಫೀಸು ಕಟ್ಟಿ, ಮುಂದಿನ ಮುಂಗಾರಿನ ಬೀಜ ಗೊಬ್ಬರವನ್ನು ಸಾಲವಿಲ್ಲದೆ ತರಬಹುದಿತ್ತು. ಫೀಸಿಗೆ ನನ್ನ ಬೆಂಡೋಲೆ ಸೊಸೈಟಿಯಲ್ಲಿ ಅಡವಿಟ್ಟೆವು, ಗೊಬ್ಬರಕ್ಕೆ ಅದೇ ಅಂಗಡಿಯವನ ಖಾತೆ ಮತ್ತೆ ಶುರುವಾಯಿತು. ಖಾತೆ ಶುರುವಾದ ಮೇಲೆ ಮುಂದಿನ ಸುಗ್ಗಿಯಲ್ಲೂ ಕಾಯುವ ಮಾತಿಲ್ಲ, ಕಣದಿಂದ ನೇರ ಮಾರುಕಟ್ಟೆಗೆ.

ಕೊಂಡರೆ ಗೋದಾಮಿನಲ್ಲಿ ಕೊಳೆಯುತ್ತದೆ ಎನ್ನುವವರು ಇದ್ದಾರೆ. ಅವರಿಗೆ ರೈತ ಬೆಳೆಯುವುದೇ ತಪ್ಪಾಗಿ ಕಾಣುತ್ತದೆ. ಅವರು 2023ನ್ನು ನೆನೆಸಿಕೊಳ್ಳಲಿ. ಆ ಜೂನಿನಲ್ಲಿ ಅನ್ನಭಾಗ್ಯಕ್ಕೆ ಕಿಲೋಗೆ 34 ರೂಪಾಯಿಯಂತೆ ದುಡ್ಡು ಕೊಡುತ್ತೇವೆ ಎಂದರೂ ಕೇಂದ್ರದ ಆಹಾರ ನಿಗಮದಿಂದ ನಮ್ಮ ರಾಜ್ಯಕ್ಕೆ ಅಕ್ಕಿ ಸಿಗಲಿಲ್ಲ. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ಅದೇ ಅಕ್ಕಿ 22 ರೂಪಾಯಿ 50 ಪೈಸೆಗೆ ಸಿಕ್ಕಿತು. ಎರಡು ವರ್ಷದಲ್ಲಿ ಇಲ್ಲದ್ದು ಹೆಚ್ಚಾಯಿತು. ದಾಸ್ತಾನು ಏರುತ್ತದೆ, ಇಳಿಯುತ್ತದೆ. ಏರಿದ ವರ್ಷದ ನಷ್ಟವನ್ನು ಹೊರಲು ಸರ್ಕಾರಕ್ಕೆ ಆಗುತ್ತದೆ, ಜಗಳೂರಿನ ನಾಲ್ಕು ಎಕರೆಯವರಿಗೆ ಆಗುವುದಿಲ್ಲ.

ಹೆಚ್ಚಾಗಿರುವುದು ಅಕ್ಕಿ, ಏಕೆಂದರೆ ಪಂಜಾಬ್, ಹರಿಯಾಣದಲ್ಲಿ ತಂದಷ್ಟು ಭತ್ತವನ್ನು ಕೊಂಡಿದ್ದಾರೆ. ದೇಶದಲ್ಲಿ ಸರ್ಕಾರಿ ಸಂಸ್ಥೆಗೆ ಬೆಂಬಲ ಬೆಲೆಗೆ ಮಾರಿದವರು ನೂರಕ್ಕೆ ಆರು ರೈತರು ಮಾತ್ರ ಎಂದು ಕೇಂದ್ರವೇ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲೇ ಹೇಳಿತ್ತು. ಉಳಿದ ತೊಂಬತ್ನಾಲ್ಕರಲ್ಲಿ ನಾವಿದ್ದೇವೆ. ಕೊಯ್ಲಿನ ಮೊದಲ ಆರು ವಾರ ಕೇಂದ್ರ ತೆರೆದಿಡಿ. ರೈತರಿಗೆ ಇಂತಿಷ್ಟು ಕ್ವಿಂಟಲ್ ಎಂದು ಮಿತಿ ಹಾಕಿದರೂ ಒಪ್ಪುತ್ತೇವೆ. ನವೆಂಬರಿನಲ್ಲೇ ತೆರೆಯಿರಿ. ಜನವರಿಯಲ್ಲಿ ತೆರೆದರೆ ಅಲ್ಲಿಗೆ ಬರುವುದು ನಮ್ಮಿಂದ ಕೊಂಡ ವ್ಯಾಪಾರಿಯ ಕಾಳು.

ವಿರೋಧ: ಕೊಳ್ಳುವುದು ಸುಲಭ, ಆಮೇಲೆ?
*(ದಾವಣಗೆರೆಯ ನಿವೃತ್ತ ಗೋದಾಮು ಮೇಲ್ವಿಚಾರಕ)*

ವಿರೋಧದ ಕಡೆ ಬರೆಯಿರಿ ಎಂದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ರಾಗಿ ಖರೀದಿಗೆ ನನ್ನ ವಿರೋಧವಿಲ್ಲ, ಅದು ತಿನ್ನುವವರ ಮನೆಗೆ ಹೋಗುತ್ತದೆ. ಮೆಕ್ಕೆಜೋಳದ ಮಾತು ಬೇರೆ.

ಬೆಂಬಲ ಬೆಲೆ ಇರುವುದು ತೇವ ಶೇಕಡಾ 14ರ ಒಳಗಿರುವ ಕಾಳಿಗೆ. ಇಪ್ಪತ್ತು ತೇವದ ನೂರು ಕಿಲೋ ಕಾಳನ್ನು ಹದಿನಾಲ್ಕಕ್ಕೆ ಒಣಗಿಸಿದರೆ ಉಳಿಯುವುದು 93 ಕಿಲೋ. ಅಂದರೆ ಹಸಿಯಲ್ಲಿ 1,750 ಸಿಕ್ಕಿದ್ದು ಒಣಗಿದ ಲೆಕ್ಕದಲ್ಲಿ 1,880ರಷ್ಟಾಯಿತು. ಆಗಲೂ 2,400ಕ್ಕೆ ಬಹಳ ದೂರ, ಒಪ್ಪುತ್ತೇನೆ. ಆದರೆ ಖರೀದಿ ಕೇಂದ್ರ ಇದ್ದಿದ್ದರೂ ಆ ಸಂಜೆಯ ರಾಶಿಯನ್ನು ತಿರುಗಿಸಿ ಕಳಿಸುತ್ತಿದ್ದರು. ಕಳಿಸದೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ.

ಭತ್ತಕ್ಕೆ ಹೊಟ್ಟಿನ ರಕ್ಷಣೆ ಇದೆ, ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತದೆ. ಮೆಕ್ಕೆಜೋಳದ ಮೊಳಕೆಯ ಭಾಗ ದೊಡ್ಡದು, ಮೆತ್ತಗೆ, ಎಣ್ಣೆ ಜಾಸ್ತಿ. ಹುಳ ಮೊದಲು ಅಲ್ಲಿಗೇ ಬಾಯಿ ಹಾಕುತ್ತದೆ. ಒಂದು ವರ್ಷ ನಮ್ಮಲ್ಲಿಗೆ ಖರೀದಿಯ ಮೆಕ್ಕೆಜೋಳ ಬಂತು. ಮರದ ಹಲಗೆ ಹಾಸಿ ಐವತ್ತು ಕಿಲೋ ಚೀಲಗಳ ಅಟ್ಟಿ ಕಟ್ಟಿಸಿದೆವು. ಮುಂಗಾರು ಶುರುವಾದಾಗ ಅಟ್ಟಿಯ ನಡುವಿನ ಚೀಲಕ್ಕೆ ಕೈ ಹಾಕಿದರೆ ಒಳಗೆ ಬಿಸಿ. ಹೊರಸಾಲಿನ ಚೀಲ ತಣ್ಣಗಿದ್ದು ಒಳಗಿನದು ಬೆಚ್ಚಗಿದ್ದರೆ ಕಾಳು ಕೆಡಲು ಶುರುವಾಗಿದೆ ಎಂದೇ ಅರ್ಥ. ಟಾರ್ಪಾಲು ಹೊದಿಸಿ, ಅಂಚಿಗೆ ಮರಳಿನ ಚೀಲವಿಟ್ಟು, ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು ಒಂದು ವಾರ ಮುಚ್ಚಿದೆವು. ಹುಳ ಸತ್ತವು. ಬೂಷ್ಟು ಸಾಯಲಿಲ್ಲ, ಆ ಹೊಗೆಗೆ ಬೂಷ್ಟು ಬಗ್ಗುವುದಿಲ್ಲ. ಹರಾಜಿಗೆ ಬಂದ ಕೋಳಿ ಆಹಾರದವರು ಚೀಲಕ್ಕೆ ಬೊಂಬು ಚುಚ್ಚಿ ಕಾಳು ತೆಗೆದು ಮೂಸಿದರು. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಕೋಳಿಯ ಪಿತ್ತಜನಕಾಂಗ ಹಾಳಾಗುತ್ತದೆ. ಅರ್ಧ ಜನ ಹಾಗೇ ಎದ್ದು ಹೋದರು, ಉಳಿದವರು ಕೂಗಿದ ಬೆಲೆಗೆ ಕೊಟ್ಟೆವು. ನಾನು ಇಟ್ಟ ಮಾಲು ಹಾಗೆ ಹೋದದ್ದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಇನ್ನು ಅಕ್ಕಿಯ ಲೆಕ್ಕ. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ನೂರು ಕಿಲೋ ಭತ್ತಕ್ಕೆ ಮಿಲ್ಲಿನವರು ಕೊಡಬೇಕಾದ ಅಕ್ಕಿ 67 ಕಿಲೋ. ಭತ್ತದ ದುಡ್ಡನ್ನಷ್ಟೇ ಹಂಚಿದರೂ ಅಕ್ಕಿ ಕಿಲೋಗೆ 34 ರೂಪಾಯಿ ದಾಟುತ್ತದೆ. ಚೀಲ, ಲಾರಿ, ಗೋದಾಮು, ಬಡ್ಡಿ ಆಮೇಲಿನ ಮಾತು. ಹೆಚ್ಚಾಗಿ ಉಳಿದದ್ದರಲ್ಲಿ 52 ಲಕ್ಷ ಟನ್ನನ್ನು ಎಥೆನಾಲಿಗೆಂದು 22 ರೂಪಾಯಿ 50 ಪೈಸೆಯಂತೆ ಹಂಚಿಕೆ ಮಾಡಿದರು. ಕಿಲೋಗೆ ಹನ್ನೊಂದು ಹನ್ನೆರಡು ರೂಪಾಯಿ ಅಲ್ಲೇ ಹೋಯಿತು.

ಅದು ಸರ್ಕಾರದ ನಷ್ಟ, ಸರ್ಕಾರ ತಡೆಯುತ್ತದೆ ಎನ್ನಬಹುದು. ಆದರೆ ಎಥೆನಾಲ್ ಘಟಕ ಅಕ್ಕಿಯಲ್ಲೂ ನಡೆಯುತ್ತದೆ, ಮೆಕ್ಕೆಜೋಳದಲ್ಲೂ ನಡೆಯುತ್ತದೆ. ಟನ್ ಮೆಕ್ಕೆಜೋಳಕ್ಕೆ 380 ಲೀಟರ್ ಆಸುಪಾಸು ಬಂದರೆ ಅಕ್ಕಿಗೆ ಅದಕ್ಕಿಂತ ಹೆಚ್ಚು ಬರುತ್ತದೆ. ಅಗ್ಗದ ಅಕ್ಕಿ ಗೇಟಿಗೆ ಬಂದು ನಿಂತರೆ ಅಷ್ಟರಮಟ್ಟಿಗೆ ಮೆಕ್ಕೆಜೋಳದ ಗಿರಾಕಿ ಕಡಿಮೆಯಾದ. ಬೆಲೆ ಬಿದ್ದದ್ದಕ್ಕೆ ಇದೊಂದೇ ಕಾರಣವಲ್ಲ, ಬೆಳೆಯೂ ಜಾಸ್ತಿ ಬಂದಿತ್ತು. ಆದರೂ ಪಂಜಾಬಿನ ಭತ್ತಕ್ಕೆ ಹಾಕಿದ ಬೆಲೆಯ ನೆಲ ಜಗಳೂರಿನ ಮೆಕ್ಕೆಜೋಳವನ್ನು ಕೆಳಕ್ಕೆ ತಳ್ಳಿತು. ಈಗ ಮೆಕ್ಕೆಜೋಳಕ್ಕೂ ಅದೇ ನೆಲ ಹಾಕಿ ಕೊಂಡರೆ, ಮುಂದಿನ ವರ್ಷ ಶೇಂಗಾ, ಸಜ್ಜೆಯ ಹೊಲವೂ ಮೆಕ್ಕೆಜೋಳವಾಗುತ್ತದೆ. ಆ ರಾಶಿಯನ್ನು ಕೊನೆಗೆ ಮಾರಬೇಕಾದದ್ದು ಇದೇ ಕೋಳಿ ಆಹಾರದವರಿಗೆ, ಇದೇ ಘಟಕಗಳಿಗೆ. ಸರ್ಕಾರದ ಹಳೇ ಕಾಳು ಹೊಸ ಕೊಯ್ಲಿನ ಹೊತ್ತಿಗೆ ಅಗ್ಗವಾಗಿ ಹರಾಜಿಗೆ ಬಂದರೆ ಆ ವರ್ಷದ ರೈತನ ರೇಟು ಇನ್ನೂ ಬೀಳುತ್ತದೆ.

ಕೊಳ್ಳಲೇಬೇಕು ಎಂದಾದರೆ ಕೇಂದ್ರ ತೆರೆಯುವ ಮೊದಲು ಎತ್ತುವವರು ಯಾರು, ಎಷ್ಟು ಟನ್, ಯಾವ ತಿಂಗಳೊಳಗೆ ಎಂಬ ಕರಾರು ಕೈಯಲ್ಲಿರಬೇಕು. ಮಾರುಕಟ್ಟೆಯ ಪ್ರಾಂಗಣದಲ್ಲೇ ಒಣಗಿಸುವ ಯಂತ್ರ ಇರಬೇಕು, ರೈತರ ಕಾಳನ್ನು ಅಲ್ಲೇ 14ಕ್ಕೆ ಇಳಿಸಿ ತೂಕ ಹಾಕಬೇಕು. ಇವೆರಡೂ ಇಲ್ಲದೆ ತುಂಬಿಸಿದ ಗೋದಾಮಿನ ಬೀಗದ ಕೈಯನ್ನು ನನಗೆ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ.