ಟಿವಿ ಇದೆ, ವೈಫೈ ಯಾರದ್ದು?

ದಾವಣಗೆರೆಲಿ ನಮ್ಮಕ್ಕ ಸೆಕೆಂಡ್ ಪಿಯುಸಿ ಮಕ್ಕಳಿಗೆ ಮನೇಲೇ ಮ್ಯಾಥ್ಸ್ ಟ್ಯೂಷನ್ ಮಾಡ್ತಾಳೆ, ನಾನಿಲ್ಲಿ ಮ್ಯೂನಿಕ್‌ನಲ್ಲಿ ಭಾನುವಾರ ಏಳೆಂಟು ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. ಇಬ್ಬರ ಹತ್ರನೂ 43 ಇಂಚಿನ ಟಿವಿ ಇದೆ, ಪ್ರೊಜೆಕ್ಟರ್ ಇಲ್ಲ. ಈ ಸೈಜಿನ ಗುಂಪಿಗೆ ಟಿವಿನೇ ಸರಿ ಅಂತ ನನ್ನ ಅನಿಸಿಕೆ, ಕರ್ಟನ್ ಎಳೀಬೇಕಾಗಿಲ್ಲ, ಮಕ್ಕಳ ಮುಖನೂ ಕಾಣ್ಸುತ್ತೆ. ಆದ್ರೆ ವೈರ್ ಇಲ್ದೆ ಟಿವಿಗೆ ಸ್ಕ್ರೀನ್ ಕಳ್ಸೋ ವಿಷಯಕ್ಕೆ ಬಂದ್ರೆ ಅಲ್ಲಿ ಸಲೀಸಾಗಿ ನಡೆಯೋದು ಇಲ್ಲಿ ನಡೆಯಲ್ಲ. ಟಿವಿ ಕಂಪನಿ ನೋಡಿ ಟಿವಿ ತಗೊಳ್ಳೋರು ವೈಫೈ ಯಾರ ಕೈಲಿದೆ ಅಂತ ಮೊದಲು ನೋಡ್ಬೇಕು ಅನ್ನೋದೇ ನಾನು ಹೇಳ್ಬೇಕಾಗಿರೋದು.

ಅಕ್ಕನ ಮನೇಲಿ ಆಂಡ್ರಾಯ್ಡ್ ಟಿವಿ, ಅದೇ ಮನೆಯ ಫೈಬರ್ ಕನೆಕ್ಷನ್, ಅದೇ ರೌಟರಿಗೆ ಫೋನು. ಕ್ಯಾಸ್ಟ್ ಐಕಾನ್ ಒತ್ತಿದ್ರೆ ಟಿವಿ ಹೆಸರು ಬರುತ್ತೆ, ಮುಗೀತು. ಇಲ್ಲಿ ನಾವು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಳ್ಳೋ ಹಾಲ್‌ನಲ್ಲಿ ಗೆಸ್ಟ್ ವೈಫೈ ಇದೆ, ಟಿವಿಲಿ ಯೂಟ್ಯೂಬ್ ಓಡುತ್ತೆ, ಲ್ಯಾಪ್‌ಟಾಪಲ್ಲಿ ಇಂಟರ್ನೆಟ್ ಬರುತ್ತೆ, ಎರಡರಲ್ಲೂ ವೈಫೈ ಹೆಸರು ಒಂದೇ, ಆದ್ರೂ ಕ್ಯಾಸ್ಟ್ ಲಿಸ್ಟ್ ಖಾಲಿ. ಇದು ಟಿವಿ ಕೆಟ್ಟಿರೋದಲ್ಲ. ಕ್ಯಾಸ್ಟ್ ಮಾಡೋವಾಗ ಲ್ಯಾಪ್‌ಟಾಪು ಅದೇ ವೈಫೈಲಿರೋ ಎಲ್ಲರಿಗೂ ಕೇಳೋ ಹಾಗೆ "ಇಲ್ಲಿ ಟಿವಿ ಯಾರಿದ್ದೀರಿ?" ಅಂತ ಕೂಗುತ್ತೆ (224.0.0.251 ಅನ್ನೋ ವಿಳಾಸಕ್ಕೆ ಹೋಗೋ ಮೆಸೇಜು ಅದು), ಟಿವಿ ಉತ್ತರ ಕೊಟ್ರೆ ಹೆಸರು ಕಾಣ್ಸುತ್ತೆ. ಗೆಸ್ಟ್ ನೆಟ್‌ವರ್ಕಲ್ಲಿ ಒಬ್ಬರ ಮೆಷಿನ್ ಇನ್ನೊಬ್ಬರ ಮೆಷಿನನ್ನ ಮುಟ್ಟಬಾರ್ದು ಅಂತ ಸೇಫ್ಟಿಗೋಸ್ಕರ ಅಡ್ಡಗೋಡೆ ಹಾಕಿರ್ತಾರೆ, ಅದಕ್ಕೆ ಕ್ಲೈಂಟ್ ಐಸೊಲೇಶನ್ ಅಂತಾರೆ. ಹಾಲ್ ನಡೆಸೋರು ಮಾಡಿದ್ದು ಸರಿನೇ, ದಿನಕ್ಕೆ ಹತ್ತು ಗುಂಪು ಬಂದು ಹೋಗೋ ಜಾಗ. ಆದ್ರೆ ಕೂಗು ಗೋಡೆ ದಾಟಲ್ಲ.

ಇದೇನಾ ಕಾರಣ ಅಂತ ನೋಡೋದು ಸುಲಭ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಅದರ ಐಪಿ ನಂಬರ್ ಇರುತ್ತೆ, ಅದನ್ನ ಲ್ಯಾಪ್‌ಟಾಪಿಂದ ಹೀಗೆ ಕೇಳಿ (ನಿಮ್ಮ ಟಿವಿ ನಂಬರ್ ಹಾಕ್ಕೊಳ್ಳಿ):

```
ping 192.168.1.34
```

ಮನೇಲಿ ಉತ್ತರ ಕೊಡೋ ಅದೇ ಟಿವಿ ಅಥವಾ ಸ್ಟಿಕ್ಕು ಹಾಲ್‌ನಲ್ಲಿ ಸುಮ್ಮನಿದ್ರೆ ಅಡ್ಡಗೋಡೆ ಇದೆ ಅಂತ್ಲೇ ಲೆಕ್ಕ. ಆಮೇಲೆ ಟಿವಿ ರೀಸ್ಟಾರ್ಟ್ ಮಾಡಿ, ಆಪ್ ತೆಗೆದು ಹಾಕಿ ಅಂತ ಅರ್ಧ ಕ್ಲಾಸ್ ಕಳೆಯೋದು ದಂಡ.

ಮಿರಾಕ್ಯಾಸ್ಟ್ ಅಂತ ಇನ್ನೊಂದು ದಾರಿ ಇದೆ, ಅದಕ್ಕೆ ಮಧ್ಯೆ ರೌಟರೇ ಬೇಡ, ವಿಂಡೋಸ್ ಲ್ಯಾಪ್‌ಟಾಪಲ್ಲಿ Win+K ಒತ್ತಿದ್ರೆ ಲ್ಯಾಪ್‌ಟಾಪು ಟಿವಿ ನೇರವಾಗಿ ಮಾತಾಡ್ಕೊಳ್ತವೆ. ಎಲ್ಲರ ಹತ್ರ ವಿಂಡೋಸ್, ಟಿವಿಲೂ ಮಿರಾಕ್ಯಾಸ್ಟ್ ಇದ್ರೆ ಇದೇ ಸಾಕು. ಆದ್ರೆ ಐಫೋನು, ಐಪ್ಯಾಡು, ಮ್ಯಾಕ್ ಯಾವುದಕ್ಕೂ ಮಿರಾಕ್ಯಾಸ್ಟ್ ಇಲ್ಲ, ಅವಕ್ಕೆ ಏರ್‌ಪ್ಲೇ, ಮತ್ತೆ ನಮ್ಮ ಮಕ್ಕಳ ಕೈಲಿರೋದು ಹೆಚ್ಚಾಗಿ ಐಪ್ಯಾಡೇ. ಹಾಗಾಗಿ ನಾನು ಒಪ್ಪೋ ದಾರಿ ಅಂದ್ರೆ ಅಂಗೈ ಅಗಲದ ಟ್ರಾವೆಲ್ ರೌಟರ್ ಇಟ್ಕೊಳ್ಳೋದು. ಅದನ್ನ ರಿಪೀಟರ್ ಮೋಡಲ್ಲಿ ಹಾಲ್ ವೈಫೈಗೆ ಸೇರಿಸ್ಬೇಕು, ಹಾಲ್‌ನವರ ಲಾಗಿನ್ ಪೇಜು ಲ್ಯಾಪ್‌ಟಾಪಿಂದ ಒಂದ್ಸಲ ಒಪ್ಕೊಂಡ್ರೆ ಸಾಕು (ಟಿವಿ ರಿಮೋಟಲ್ಲಿ ಆ ಪೇಜು ತುಂಬೋದು ಬಹಳ ಕಷ್ಟ, ಎಷ್ಟೋ ಟಿವಿಲಿ ಪೇಜೇ ತೆರೆಯಲ್ಲ), ಆಮೇಲೆ ರೌಟರು ತನ್ನದೇ ಹೆಸರಲ್ಲಿ ಕೊಡೋ ವೈಫೈಗೆ ಟಿವಿ, ಲ್ಯಾಪ್‌ಟಾಪು, ಐಪ್ಯಾಡು ಎಲ್ಲಾ. ಆಗ ಒಂದಕ್ಕೊಂದು ಕಾಣ್ಸುತ್ತೆ, ಅಕ್ಕನ ಮನೆ ಹಾಗೇ ಕೆಲಸ ಮಾಡುತ್ತೆ. ಆ ರೌಟರಲ್ಲೂ ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಇದ್ರೆ ಅದಕ್ಕೆ ಸೇರಿಸ್ಬೇಡಿ, ಅಲ್ಲೂ ಗೋಡೆ ಇರಬಹುದು.

ಕನೆಕ್ಟ್ ಆದ್ಮೇಲೆ ಏನು ಕಳಿಸ್ತೀವಿ ಅನ್ನೋದೂ ನೋಡ್ಬೇಕು. ಯೂಟ್ಯೂಬ್ ಒಳಗಿರೋ ಕ್ಯಾಸ್ಟ್ ಬಟನ್ ಒತ್ತಿದ್ರೆ ವಿಡಿಯೋನ ಟಿವಿನೇ ಇಂಟರ್ನೆಟ್ಟಿಂದ ತಗೊಳ್ಳುತ್ತೆ, ಫೋನು ಬರೀ ರಿಮೋಟು. ಅದೇ ವಿಡಿಯೋನ ಪೂರ್ತಿ ಸ್ಕ್ರೀನ್ ಮಿರರ್ ಮಾಡಿ ತೋರಿಸಿದ್ರೆ ಲ್ಯಾಪ್‌ಟಾಪು ಪ್ರತಿ ಚಿತ್ರನೂ ಕುಗ್ಗಿಸಿ ಕಳಿಸ್ಬೇಕು, ವೈಫೈ ಸ್ವಲ್ಪ ಸೋತ್ರೆ ತಡವರಿಸುತ್ತೆ. ಸ್ಲೈಡ್‌ಗೆ, ವೆಬ್ ಪೇಜಿಗೆ ಕ್ರೋಮಲ್ಲಿ Cast tab ಒಳ್ಳೇದು, ಆ ಒಂದು ಟ್ಯಾಬ್ ಬಿಟ್ಟು ಬೇರೇನೂ ಟಿವಿಗೆ ಹೋಗಲ್ಲ, ಮನೆಯವರ ವಾಟ್ಸಾಪ್ ಮೆಸೇಜು ಮಕ್ಕಳ ಮುಂದೆ ಹಾರಲ್ಲ.

ಈ ಕುಗ್ಗಿಸೋದ್ರಿಂದ ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಪೆಟ್ಟು. 43 ಇಂಚಿನ ಟಿವಿಯ ಪರದೆ ಎತ್ತರ ಸುಮಾರು 53 ಸೆಂಟಿಮೀಟರ್, ಸಾಮಾನ್ಯ ಸ್ಲೈಡಲ್ಲಿ 32 ಪಾಯಿಂಟ್ ಅಂದ್ರೆ ಟಿವಿ ಮೇಲೆ ಒಂದು ಸಾಲಿಗೆ 3 ಸೆಂಟಿಮೀಟರ್ ಚಿಲ್ಲರೆ ಜಾಗ ಸಿಗುತ್ತೆ, ಅದ್ರಲ್ಲಿ 'ರಾಷ್ಟ್ರ' ಅಂತ ಬರೆದ್ರೆ ಷ-ಕ್ಕೆ ಟ ಒತ್ತು, ಅದರ ಜೊತೆ ರ ಒತ್ತು, ಎಲ್ಲಾ ಅದರ ಒಂದು ಮೂಲೇಲಿ. ಆ ಸಣ್ಣ ಗೆರೆಗಳೇ ಮೊದಲು ಮಸುಕಾಗೋದು. ಅದ್ರಲ್ಲೂ ಕೆಂಪಕ್ಷರ ನೀಲಿ ಹಿನ್ನೆಲೆ ಹಾಕಿದ್ರೆ ಕೇಳಲೇಬೇಡಿ, ಇಂಥ ವಿಡಿಯೋ ಸಾಮಾನ್ಯವಾಗಿ ಬಣ್ಣದ ವಿವರನ ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧಕ್ಕೆ ಇಳಿಸಿ, ಬೆಳಕು ಕತ್ತಲೆಯ ವಿವರ ಮಾತ್ರ ಪೂರ್ತಿ ಇಟ್ಕೊಳ್ಳುತ್ತೆ. ಬಿಳಿ ಮೇಲೆ ಕಪ್ಪು, ಒತ್ತಕ್ಷರ ಕಲಿಸೋ ಸ್ಲೈಡಲ್ಲಿ 60 ಪಾಯಿಂಟಿಗಿಂತ ಕಮ್ಮಿ ಬೇಡ. ಸ್ಲೈಡಿನ ಅಂಚು ಕಟ್ ಆಗ್ತಿದ್ರೆ ಟಿವಿಯ ಪಿಕ್ಚರ್ ಸೈಜ್ ಸೆಟ್ಟಿಂಗ್ ನೋಡಿ, ಎಲ್‌ಜಿಲಿ Just Scan, ಸ್ಯಾಮ್‌ಸಂಗಲ್ಲಿ Fit to screen ಅಂತಿರುತ್ತೆ.

ಮಕ್ಕಳು ಬರೆದಿದ್ದನ್ನ ಎಲ್ಲರಿಗೂ ತೋರಿಸೋದ್ರಲ್ಲಿ ಮಾತ್ರ ನಂಗೆ ಅಕ್ಕನ ದಾರಿನೇ ಇಷ್ಟ. ಇಲ್ಲಿ ಬಹಳ ಜನ ಪ್ರತಿ ಮಗುನೂ ತನ್ನ ಐಪ್ಯಾಡಿಂದ ಟಿವಿಗೆ ಶೇರ್ ಮಾಡ್ಲಿ ಅಂತಾರೆ. ಏರ್‌ಪ್ಲೇಲಿ ಟಿವಿ ಮೇಲೆ ಬರೋ ಕೋಡ್ ಹೊಡೀಬೇಕು ಅಂತ ಇಟ್ಕೊಂಡ್ರೆ ಯಾರ್ಯಾರೋ ನುಗ್ಗೋದು ತಪ್ಪುತ್ತೆ ನಿಜ, ಆದ್ರೆ ಒಬ್ಬರು ಬಿಟ್ಟು ಇನ್ನೊಬ್ಬರು ಸೇರೋಷ್ಟರಲ್ಲಿ ಉಳಿದ ಆರು ಮಕ್ಕಳು ಕಿಟಕಿ ಕಡೆ ನೋಡ್ತಿರ್ತಾರೆ. ಅಕ್ಕ ಮಕ್ಕಳಿಗೆ ವೈಫೈ ಪಾಸ್‌ವರ್ಡೇ ಕೊಡಲ್ಲ. "ಅವರ ಫೋನ್ ನಂಗ್ಯಾಕೋ, ನಂಗೆ ಬೇಕಾಗಿರೋದು ಅವರ ನೋಟ್ಸ್" ಅಂತಾಳೆ. ಅವಳ ಫೋನ್ ಒಂದು ಸ್ಟ್ಯಾಂಡಲ್ಲಿ ಕೆಳಮುಖವಾಗಿ, ಕ್ಯಾಮೆರಾ ಆನ್, ಆ ಫೋನ್ ಸ್ಕ್ರೀನ್ ಟಿವಿಗೆ ಮಿರರ್. ಹುಡುಗ ಬಂದು ನೋಟ್‌ಬುಕ್ ಕೆಳಗಿಡ್ತಾನೆ, ಇಂಟಿಗ್ರೇಶನ್‌ನಲ್ಲಿ ಎಲ್ಲಿ ಮೈನಸ್ ಬಿಟ್ಟ ಅಂತ ಅಕ್ಕ ಪೆನ್ನಲ್ಲಿ ಅಲ್ಲೇ ಗುರುತು ಹಾಕ್ತಾಳೆ, ಎಲ್ರೂ ನೋಡ್ತಾರೆ, ಇನ್ನೊಬ್ಬ ಬರ್ತಾನೆ. ಟಿವಿ ಮೇಲೆ ಚಿತ್ರ ಸ್ವಲ್ಪ ತಡವಾಗಿ ಬಂದ್ರೂ ತೊಂದ್ರೆ ಇಲ್ಲ, ಬರೆಯೋರ ಕಣ್ಣು ಕಾಗದದ ಮೇಲೇ ಇರುತ್ತೆ. ಟ್ಯಾಬ್ಲೆಟ್ಟಲ್ಲಿ ಬರೀತಾ ಟಿವಿ ನೋಡೋರಿಗೆ ಆ ತಡ ಕಾಟ ಕೊಡುತ್ತೆ, ಟಿವಿಯ ಗೇಮ್ ಮೋಡ್ ಹಾಕಿದ್ರೆ ಒಂಚೂರು ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ.

ನಮ್ಮ ಅಕ್ಷರಮಾಲೆ ಕ್ಲಾಸಿಗೂ ಅದನ್ನೇ ತಂದಿದ್ದೀನಿ. ಮಗು ಕೈ 'ಳ' ಬರೆಯೋವಾಗ ಎಲ್ಲಿಂದ ಶುರು ಮಾಡುತ್ತೆ, ಎತ್ಲಾಗೆ ತಿರುಗುತ್ತೆ ಅನ್ನೋದು ಐಪ್ಯಾಡಲ್ಲಿ ಬರೆದು ಮುಗಿಸಿದ ಅಕ್ಷರದಲ್ಲಿ ಕಾಣಲ್ಲ, ಕ್ಯಾಮೆರಾ ಕೆಳಗೆ ಕಾಣುತ್ತೆ. ರೌಟರ್ ಜೊತೆ ಬ್ಯಾಗಲ್ಲಿ 5 ಮೀಟರಿನ ಎಚ್‌ಡಿಎಂಐ ಕೇಬಲ್ಲೂ ಇಟ್ಟಿರಿ, ಜೊತೆಗೆ ಲ್ಯಾಪ್‌ಟಾಪಿಗೆ ಹೊಂದೋ ಅಡಾಪ್ಟರ್ ಒಂದು. ಐದು ನಿಮಿಷದಲ್ಲಿ ವೈಫೈ ಕೂಡಿ ಬರಲಿಲ್ಲ ಅಂದ್ರೆ ಅದನ್ನ ಚುಚ್ಚಿ ಪಾಠ ಶುರು ಮಾಡಿ, ರಿಪೇರಿ ಕ್ಲಾಸ್ ಮುಗಿದ ಮೇಲೆ.