ಮರಳಿ ಬರುವ ಹಿಂದಿನ ಸಂಜೆಯ ಒಂದು ಕರೆ

ತಂದೆಯನ್ನು ಕಳೆದುಕೊಂಡು ಎರಡು ವಾರಗಳ ರಜೆಯ ನಂತರ ಕೆಲಸಕ್ಕೆ ಮರಳಿದ ನಮ್ಮ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು, ಮೊದಲ ದಿನ ಮಧ್ಯಾಹ್ನದೊಳಗೆ ಅದೇ ಸಾವಿನ ಕಥೆಯನ್ನು ಹತ್ತಾರು ಬಾರಿ ಹೇಳಬೇಕಾಯಿತು. ಏನಾಗಿತ್ತು, ವಯಸ್ಸೆಷ್ಟು, ಮೊದಲೇ ತಿಳಿಯಲಿಲ್ಲವೇ ಎಂದು ಕೇಳಿದವರಲ್ಲಿ ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಒಬ್ಬೊಬ್ಬರೂ ಒಂದೊಂದೇ ಸಲ ಕೇಳಿದ್ದೆವು, ಉತ್ತರಿಸಿದವರು ಮಾತ್ರ ಒಬ್ಬರೇ ಆಗಿದ್ದರು. ಮೂರು ಗಂಟೆಯ ಹೊತ್ತಿಗೆ ಅವರು ತಲೆನೋವೆಂದು ಹೇಳಿ ಮನೆಗೆ ಹೋದರು. ಕೇಳಿದವರಲ್ಲಿ ನಾನೂ ಇದ್ದೆ.

ಮುಂದೊಮ್ಮೆ ಇನ್ನೊಬ್ಬ ಸಹೋದ್ಯೋಗಿಯ ತಾಯಿ ತೀರಿಕೊಂಡಾಗ, ಅವರು ಮರಳುವ ಹಿಂದಿನ ಸಂಜೆಯೇ ಕರೆ ಮಾಡಿ, ಉಳಿದವರಿಗೆ ನಾನು ಏನು ತಿಳಿಸಲಿ, ನಾಳೆ ಯಾವ ಕೆಲಸದಿಂದ ಆರಂಭಿಸುತ್ತೀರಿ ಎಂದಷ್ಟೇ ಕೇಳಿದೆ. "ವಿಷಯ ಎಲ್ಲರಿಗೂ ತಿಳಿಸಿಬಿಡಿ ಸರ್, ಹೇಗಾಯಿತೆಂದು ಮಾತ್ರ ಯಾರೂ ಕೇಳುವುದು ಬೇಡ" ಎಂದರು. ಅದನ್ನೇ ಎಲ್ಲರಿಗೂ ತಿಳಿಸಿದೆ. ಹಾಗೆಂದು ಏನೂ ನಡೆದೇ ಇಲ್ಲವೆಂಬಂತೆ ಮುಖ ತಿರುಗಿಸಿಕೊಂಡು ಓಡಾಡುವುದೂ ಸಲ್ಲದು. "ಅಮ್ಮನ ವಿಷಯ ತಿಳಿದು ಬಹಳ ಬೇಸರವಾಯಿತು" ಎಂಬ ಒಂದು ಮಾತಿಗೆ ಉತ್ತರದ ಅಗತ್ಯವಿಲ್ಲ, ತಲೆಯಾಡಿಸಿದರೆ ಸಾಕು. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವುದು ಕೇಳಲು ಹಿತವಾದರೂ, ಏನು ಬೇಕೆಂದು ಯೋಚಿಸುವ ಹೊರೆಯನ್ನು ಅವರ ಮೇಲೆಯೇ ಹಾಕುತ್ತದೆ.

ಕೆಲಸದ ವಿಚಾರದಲ್ಲಿ ನಾನು ಎಡವಿದೆ. ಆಯಾಸವಾಗದಿರಲೆಂದು ಅವರ ಕಡತಗಳನ್ನೆಲ್ಲ ಬೇರೆಯವರಿಗೆ ಹಂಚಿದ್ದೆ. ಖಾಲಿ ಮೇಜಿನ ಮುಂದೆ ಕುಳಿತ ಅವರು, "ನನಗೇನೂ ಉಳಿಸಿಲ್ಲವೇ?" ಎಂದು ಕೇಳಿದಾಗ, ಮನೆಯಲ್ಲಿ ಇಲ್ಲದ ದಿನಚರಿಯನ್ನು ಹುಡುಕಿಕೊಂಡೇ ಅವರು ಇಲ್ಲಿಗೆ ಬಂದಿದ್ದಾರೆ ಎಂಬುದು ಹೊಳೆಯಿತು. ಬಿಲ್ಲುಗಳ ನಮೂದನ್ನು ಅವರಿಗೇ ಮರಳಿಸಿ, ಪಾವತಿಗೆ ಮುನ್ನ ಇನ್ನೊಬ್ಬರು ಒಮ್ಮೆ ನೋಡುವ ಏರ್ಪಾಡು ಮಾಡಿದೆವು. ನಿದ್ದೆಗೆಟ್ಟು ದುಃಖದಲ್ಲಿರುವವರ ಗಮನ ಸುಲಭವಾಗಿ ಜಾರುತ್ತದೆ. ಮೂರನೆಯ ವಾರ ಒಂದೇ ಬಿಲ್ಲು ಎರಡು ಬಾರಿ ನಮೂದಾದದ್ದು ಆ ಎರಡನೆಯ ನೋಟದಲ್ಲಿ ಸಿಕ್ಕಿತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ರಜೆ ಮುಗಿದರೂ ಸಾವಿನ ಕೆಲಸಗಳು ಮುಗಿಯುವುದಿಲ್ಲ. ಮರಣ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಪಿಂಚಣಿ, ವಿಮೆ ಇವೆಲ್ಲಕ್ಕೂ ಕಚೇರಿಯ ವೇಳೆಯಲ್ಲೇ ಅಲೆಯಬೇಕು. ಪ್ರತಿ ಸಲವೂ ಮುಜುಗರದಿಂದ ಅನುಮತಿ ಕೇಳುವ ಬದಲು ವಾರಕ್ಕೊಂದು ಅರ್ಧ ದಿನವನ್ನು ಮೊದಲೇ ಗೊತ್ತುಮಾಡಿದ್ದು ಅವರಿಗೆ ನಮ್ಮ ಸಂತಾಪದ ಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಎರಡನೆಯ ತಿಂಗಳಲ್ಲಿ, ನಾವೆಲ್ಲ ಮರೆತೇಬಿಟ್ಟಿದ್ದಾಗ, ದಿನವೂ ಒಂದು ಗಂಟೆಗೆ ಅವರು ಫೋನನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುವುದನ್ನು ಪಕ್ಕದ ಮೇಜಿನವರು ಗಮನಿಸಿದರು. ಅದು ತಾಯಿ ಕರೆ ಮಾಡುತ್ತಿದ್ದ ಹೊತ್ತು. ಅಂದಿನಿಂದ ಆ ಸಹೋದ್ಯೋಗಿ ಒಂದಕ್ಕೆ ಐದು ನಿಮಿಷ ಇರುವಾಗಲೇ ಎದ್ದು, "ಬನ್ನಿ, ಊಟಕ್ಕೆ ಹೋಗೋಣ" ಎಂದು ಅವರನ್ನು ಕರೆದೊಯ್ಯತೊಡಗಿದರು.