ರಾಜ್ಯಮಟ್ಟದ ಪಂದ್ಯದ ದಿನವೇ ಪರೀಕ್ಷೆ ಬಂದರೆ ಅರ್ಜಿ ಯಾರಿಗೆ, ಯಾವಾಗ?

"ಸರ್, ಆಟಕ್ಕೆ ಹೋದ್ರೆ ಅಟೆಂಡೆನ್ಸ್ ಕೊಡ್ತಾರಲ್ವಾ, ಹಾಗೇ ಎಕ್ಸಾಮ್ ಕೂಡ ಆಮೇಲೆ ಇಡ್ತಾರೆ ಅಂದ್ಕೊಂಡಿದ್ದೆ." ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನಾನು ಈ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಹೇಳುವ ಹೊತ್ತಿಗೆ ಪೇಪರ್ ಮುಗಿದಿರುತ್ತದೆ, ಹುಡುಗ ಗೈರುಹಾಜರು ಪಟ್ಟಿಗೆ ಸೇರಿರುತ್ತಾನೆ. ಆಮೇಲೆ ಯಾರ ಕೈ ಕಾಲು ಹಿಡಿದರೂ ಪ್ರಯೋಜನ ಕಡಿಮೆ. ಅದಕ್ಕೇ ಈ ಬರಹ ಸ್ವಲ್ಪ ಉದ್ದ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಹಾಜರಾತಿ ಬೇರೆ, ಪರೀಕ್ಷೆ ಬೇರೆ. ಕಾಲೇಜು, ವಿಶ್ವವಿದ್ಯಾಲಯ ಅಥವಾ ರಾಜ್ಯದ ಪರವಾಗಿ ಆಡಿದ ದಿನಗಳನ್ನು ಒಂದು ಮಿತಿಯೊಳಗೆ ಹಾಜರಾತಿಗೆ ಸೇರಿಸುವ ನಿಯಮ ಬಹಳಷ್ಟು ಕಡೆ ಇದೆ. ಪ್ರಾಂಶುಪಾಲರ ಶಿಫಾರಸು ಇದ್ದರೆ ಅದು ಸಲೀಸಾಗಿ ಆಗುತ್ತದೆ. ಪರೀಕ್ಷೆಯ ವಿಚಾರದಲ್ಲಿ ಪ್ರಾಂಶುಪಾಲರಿಗೆ ಆ ಅಧಿಕಾರ ಇಲ್ಲ. ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು, ದಿನಾಂಕವೂ ಅದರದ್ದೇ. ಅನುಮತಿ ಬರಬೇಕಾದ್ದು ಕುಲಸಚಿವರ (ಮೌಲ್ಯಮಾಪನ) ಕಚೇರಿಯಿಂದ, ಅದರ ಮೇಲೆ ಕುಲಪತಿಗಳಿಂದ.

ಅರ್ಜಿ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ನಿಜವಾಗಿ ಅಡ್ಡಿ ಎಲ್ಲಿದೆ ಅಂತ ನೋಡಿ. ಅಥ್ಲೆಟಿಕ್ಸ್ ಕೂಟ ಮೂರು ದಿನ ಅಂದರೆ ನಿಮ್ಮ ಓಟ ಮೂರೂ ದಿನ ಇರುವುದಿಲ್ಲ. ಮೊದಲ ದಿನ ಹೀಟ್ಸ್, ಎರಡನೇ ದಿನ ಫೈನಲ್ ಆದರೆ, ರಾತ್ರಿ ಬಸ್ಸು ಹತ್ತಿ ಮೂರನೇ ದಿನದ ಪೇಪರ್ ಬರೆಯಬಹುದು. ಕಬಡ್ಡಿ, ಖೋಖೋ, ವಾಲಿಬಾಲ್‌ನಲ್ಲಿ ಹಾಗಲ್ಲ. ಗೆದ್ದರೆ ಮುಂದಿನ ಪಂದ್ಯ ಯಾವಾಗ ಅಂತ ಮೊದಲೇ ಹೇಳಕ್ಕಾಗಲ್ಲ. ಹಾಗಾಗಿ ತಂಡದ ಆಟದವರು ಇಡೀ ಕೂಟದ ದಿನಗಳನ್ನು ಅರ್ಜಿಯಲ್ಲಿ ತೋರಿಸಲೇಬೇಕು.

ಪ್ರಾಕ್ಟಿಕಲ್ ಪರೀಕ್ಷೆ ಮಾತ್ರ ಅಡ್ಡ ಬಂದಿದ್ದರೆ ಅಷ್ಟು ಗಾಬರಿ ಬೇಡ. ಅದು ಬ್ಯಾಚ್ ಬ್ಯಾಚ್ ಆಗಿ ನಡೆಯುತ್ತದೆ. ಪಟ್ಟಿ ಹಾಕುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಹೇಳಿದರೆ ಬೇರೆ ಬ್ಯಾಚ್‌ಗೆ ಹಾಕಿಸಿಕೊಳ್ಳಬಹುದು. ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲದೆ ಸುಮ್ನೆ ವಿಶ್ವವಿದ್ಯಾಲಯದ ತನಕ ಅಲೆಯುತ್ತಾರೆ.

ಥಿಯರಿ ಪೇಪರ್‌ಗೆ ಪರೀಕ್ಷಾ ಕೇಂದ್ರ ಬದಲಾವಣೆ ಅಂತ ಇನ್ನೊಂದು ದಾರಿ ಇದೆ. ಅದೇ ಪೇಪರನ್ನು ಅದೇ ಹೊತ್ತಿಗೆ ಕ್ರೀಡಾಂಗಣದ ಹತ್ತಿರದ ಕಾಲೇಜಿನಲ್ಲಿ ಬರೆಯುವುದು. ಬೆಳಿಗ್ಗೆ ಪೇಪರ್, ಸಂಜೆ ಪಂದ್ಯ ಅಂತಿದ್ದರೆ ಇದು ಒಳ್ಳೆಯ ಉಪಾಯ. ಆದರೆ ಎರಡೂ ಕಾಲೇಜು ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರಬೇಕು. ಕೂಟ ಉಡುಪಿಯ ಅಜ್ಜರಕಾಡು ಮೈದಾನದಲ್ಲಿದ್ದು, ನೀವು ಮಂಗಳೂರಿನ ಕಾಲೇಜಿನವರಾದರೆ ಕೇಳಿ ನೋಡಬಹುದು. ಶಿವಮೊಗ್ಗದವರಾದರೆ ನಿಮ್ಮದು ಕುವೆಂಪು ವಿಶ್ವವಿದ್ಯಾಲಯ, ಉಡುಪಿ ಮಂಗಳೂರು ವಿಶ್ವವಿದ್ಯಾಲಯದ್ದು. ಅಲ್ಲಿಗೆ ಆ ದಾರಿ ಮುಚ್ಚಿತು. ಆಗ ಉಳಿಯುವುದು ವಿಶೇಷ ಪರೀಕ್ಷೆ.

ರಾಜ್ಯಮಟ್ಟದ ಆಟಗಾರರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವಿಶೇಷ ಪರೀಕ್ಷೆಯ ನಿಯಮ ಇರುವ ಕಡೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ, ರಾಷ್ಟ್ರೀಯ, ಅಂತರ ವಿಶ್ವವಿದ್ಯಾಲಯ ಕೂಟ ಅಂತ ಬರೆದಿರುತ್ತದೆ. ಶಾಲಾ ಮಟ್ಟದಲ್ಲೂ ಇದೇ ಕಥೆ. 2018ರಲ್ಲಿ ಶೂಟರ್ ಅನೀಶ್ ಭನ್ವಾಲಾಗೆ ಹತ್ತನೇ ತರಗತಿ ಪರೀಕ್ಷೆಯ ಹೊತ್ತಿಗೆ ವಿದೇಶದ ಕೂಟಗಳು ಬಂದವು. ಸಿಬಿಎಸ್‌ಇ ಆತನಿಗೆ ಬೇರೆ ದಿನ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. ಆ ವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹದಿನೈದು ವರ್ಷದ ಆ ಹುಡುಗ ಚಿನ್ನ ಗೆದ್ದ. ಬಹಳ ಸಂತೋಷ. ಆದರೆ ಸಿಬಿಎಸ್‌ಇ ಈ ಸೌಲಭ್ಯ ಇಟ್ಟಿರುವುದು ರಾಷ್ಟ್ರೀಯ, ಅಂತರರಾಷ್ಟ್ರೀಯ ಕೂಟಗಳಿಗೆ. ರಾಜ್ಯ ಕೂಟಕ್ಕೆ ಅಲ್ಲ.

ಇದು ನನಗೆ ಒಪ್ಪಿಗೆಯಿಲ್ಲ. ರಾಜ್ಯ ಚಾಂಪಿಯನ್‌ಶಿಪ್ ಅಂದರೆ ಬರೀ ಒಂದು ಕಪ್‌ಗೆ ಆಡುವುದಲ್ಲ. ರಾಷ್ಟ್ರೀಯ ಕೂಟಕ್ಕೆ ಹೋಗುವ ರಾಜ್ಯ ತಂಡದ ಆಯ್ಕೆ ಅಲ್ಲೇ ಆಗುತ್ತದೆ. ಜಿಲ್ಲಾ ತಂಡದಲ್ಲಿ ಆಡಿ ಕಣ್ಣಿಗೆ ಬಿದ್ದವರನ್ನು ಶಿಬಿರಕ್ಕೆ ಕರೆಯುತ್ತಾರೆ. ಅಲ್ಲಿ ಆಡದ ಹುಡುಗಿಗೆ ರಾಷ್ಟ್ರೀಯ ಕೂಟದ ಬಾಗಿಲು ತೆಗೆಯುವುದೇ ಇಲ್ಲ. ರಾಷ್ಟ್ರೀಯ ಕೂಟಕ್ಕೆ ಹೋದರೆ ಪರೀಕ್ಷೆ ಮುಂದೂಡುತ್ತೇವೆ, ಆದರೆ ಅಲ್ಲಿಗೆ ಆಯ್ಕೆಯಾಗುವ ದಿನ ಪರೀಕ್ಷೆ ಬರೆಯಲೇಬೇಕು ಅಂದರೆ ಆ ನಿಯಮದಿಂದ ಯಾರಿಗೆ ಲಾಭ? ಅದಕ್ಕೇ ಅರ್ಜಿಯಲ್ಲಿ "ರಾಜ್ಯಮಟ್ಟದ ಪಂದ್ಯಾವಳಿ" ಅಂತಷ್ಟೇ ಬರೆಯಬೇಡಿ. "ಈ ಕೂಟದಿಂದಲೇ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ರಾಜ್ಯ ತಂಡವನ್ನು ಆಯ್ಕೆ ಮಾಡಲಾಗುತ್ತದೆ" ಎಂಬ ಸಾಲನ್ನು ಸಂಸ್ಥೆಯ ಪತ್ರದಲ್ಲೇ ಬರೆಸಿಕೊಳ್ಳಿ. ನಾನು ನೋಡಿದಂತೆ ಕಡತ ಮುಂದೆ ಹೋಗುವುದು ಆ ಒಂದು ಸಾಲಿನಿಂದ.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ "ರಾಜ್ಯಮಟ್ಟದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ" ಅಂತ ಬ್ಯಾನರ್ ಕಟ್ಟುತ್ತಾರೆ. ನಗದು ಬಹುಮಾನ, ಟ್ರೋಫಿ, ರಾತ್ರಿಯಿಡೀ ಆಟ. ನನಗೂ ಅವು ಇಷ್ಟ. ಆದರೆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅದು ರಾಜ್ಯ ಚಾಂಪಿಯನ್‌ಶಿಪ್ ಅಲ್ಲ, ಆಗಲೂ ಬಾರದು. ಮಾನ್ಯತೆ ಪಡೆದ ರಾಜ್ಯ ಸಂಸ್ಥೆ ನಡೆಸುವ ವಾರ್ಷಿಕ ಚಾಂಪಿಯನ್‌ಶಿಪ್, ಇಲ್ಲವೇ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ದಸರಾ ಕ್ರೀಡಾಕೂಟದಂಥದ್ದು ಬೇರೆ. ಬ್ಯಾನರ್ ಪಂದ್ಯಕ್ಕೆಲ್ಲ ಪರೀಕ್ಷೆ ಮುಂದೂಡಿ ಅಂತ ಕೇಳಿದರೆ ನಿಜವಾದ ಅರ್ಜಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ನಮ್ಮ ಒಬ್ಬ ಹುಡುಗಿಯ ಅರ್ಜಿ ಹೇಗೆ ಹೋಯಿತು ಅಂತ ಹೇಳುತ್ತೇನೆ. ಬಿ.ಕಾಂ. ಐದನೇ ಸೆಮಿಸ್ಟರ್, ಜಿಲ್ಲಾ ಕಬಡ್ಡಿ ತಂಡದ ರೈಡರ್. ರಾಜ್ಯ ಚಾಂಪಿಯನ್‌ಶಿಪ್ ನಾಲ್ಕು ದಿನ, ಬೇರೆ ಜಿಲ್ಲೆಯಲ್ಲಿ. ಆ ನಾಲ್ಕು ದಿನಗಳಲ್ಲಿ ಅವಳ ಎರಡು ಪೇಪರ್ ಬಿದ್ದಿದ್ದವು. ಅಂತಿಮ ತಂಡದ ಪಟ್ಟಿ ಬರುವುದು ಕೂಟಕ್ಕೆ ಮೂರ್ನಾಲ್ಕು ದಿನ ಇರುವಾಗ. ಅಲ್ಲಿಯವರೆಗೆ ಕಾದರೆ ಕಚೇರಿಯಲ್ಲಿ ಕಡತ ಅಲ್ಲಾಡುವುದಿಲ್ಲ. ಹಾಗಾಗಿ ಸಂಭಾವ್ಯ ಆಟಗಾರ್ತಿಯರ ಪಟ್ಟಿ ಇಟ್ಟುಕೊಂಡೇ ಎರಡು ವಾರ ಮೊದಲು ಅರ್ಜಿ ಕಳಿಸಿದೆವು. ಅಂತಿಮ ಪಟ್ಟಿ ಬಂದ ಕೂಡಲೇ ಸಲ್ಲಿಸುತ್ತೇವೆ ಅಂತ ಅದರಲ್ಲೇ ಬರೆದಿದ್ದೆವು.

ಅರ್ಜಿ ಒಂದೇ ಪುಟ. ಅವಳ ಹೆಸರು, ನೋಂದಣಿ ಸಂಖ್ಯೆ, ಆಮೇಲೆ ವಿಷಯ ಹೀಗೆ: "ಈ ಕೆಳಗಿನ ಎರಡು ಪತ್ರಿಕೆಗಳಿಗೆ ಮಾತ್ರ ವಿಶೇಷ ಪರೀಕ್ಷೆ ಕೋರಿ. ಉಳಿದ ಪತ್ರಿಕೆಗಳನ್ನು ನಿಗದಿತ ದಿನವೇ ಬರೆಯುತ್ತೇನೆ." ಅದರ ಕೆಳಗೆ ಪತ್ರಿಕೆಯ ಹೆಸರು, ಪ್ರಶ್ನೆಪತ್ರಿಕೆಯ ಕೋಡ್, ದಿನಾಂಕ, ಸಮಯ. ಜೊತೆಗೆ ಹಾಲ್ ಟಿಕೆಟ್ ಪ್ರತಿ, ಪರೀಕ್ಷಾ ವೇಳಾಪಟ್ಟಿ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸಹಿ-ಮುದ್ರೆ ಇರುವ ಪತ್ರ, ಪ್ರಾಂಶುಪಾಲರ ಶಿಫಾರಸು. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯ ಫೋಟೋ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಅರ್ಜಿ ಕೊಟ್ಟಾಗ ಆವಕ ಸಂಖ್ಯೆ ಬರೆಸಿಕೊಂಡು ಬರಬೇಕು. ಮುಂದೆ ಫೋನ್ ಮಾಡಿ ವಿಚಾರಿಸುವಾಗ ಕೇಳುವುದು ಅದನ್ನೇ.

ವಾರ ಕಳೆದ ಮೇಲೆ ಕಚೇರಿಯಿಂದ ಪ್ರಶ್ನೆ ಬಂತು: ಈ ಸಂಸ್ಥೆಗೆ ಮಾನ್ಯತೆ ಇದೆಯೇ? ರಾಷ್ಟ್ರೀಯ ಫೆಡರೇಷನ್‌ಗೆ ಸಂಯೋಜಿತವಾಗಿರುವ ಪತ್ರ ತರಿಸಿ ಕೊಟ್ಟೆವು. ಇದನ್ನು ಮೊದಲೇ ಲಗತ್ತಿಸಿದರೆ ನಿಮಗೆ ಒಂದು ವಾರ ಉಳಿಯುತ್ತದೆ. ಅವಳು ಹೊರಡುವ ಹಿಂದಿನ ದಿನ ಅನುಮತಿ ಪತ್ರ ಕೈಗೆ ಬಂತು. ಅದರ ಪ್ರತಿಯನ್ನು ನಮ್ಮ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೂ ಕೊಟ್ಟೆವು. ಆ ಎರಡು ದಿನದ ಗೈರುಹಾಜರಿ ವರದಿಯ ಜೊತೆ ಅದೂ ಹೋಗಲಿ ಅಂತ.

ಈಗ ವಿಶೇಷ ಪೇಪರ್ ಹೇಗೆ ತಯಾರಾಗುತ್ತದೆ ಅನ್ನುವುದು. ಒಬ್ಬಳಿಗಾಗಿ ಹೊಸದಾಗಿ ಪ್ರಶ್ನೆಪತ್ರಿಕೆ ಬರೆಸಬೇಕಲ್ಲ, ಅದು ದೊಡ್ಡ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಸಾಮಾನ್ಯವಾಗಿ ಪ್ರತಿ ವಿಷಯಕ್ಕೂ ಪರೀಕ್ಷಾ ಮಂಡಳಿ ಒಂದಕ್ಕಿಂತ ಹೆಚ್ಚು ಸೆಟ್ ತಯಾರಿಸಿ, ಪರಿಶೀಲಿಸಿ, ಮುದ್ರೆ ಹಾಕಿ ಇಟ್ಟಿರುತ್ತದೆ. ಒಂದು ಸೋರಿಕೆಯಾದರೆ ಇನ್ನೊಂದು ಬೇಕಲ್ಲ, ಅದಕ್ಕೆ. ಮಾಮೂಲಿ ಪರೀಕ್ಷೆಗೆ ಬಳಸದೆ ಉಳಿದ ಸೆಟ್ ವಿಶೇಷ ಪರೀಕ್ಷೆಗೆ ಬರುತ್ತದೆ. ಅದೇ ಸಿಲಬಸ್, ಅದೇ ಮಾದರಿ, ಅಷ್ಟೇ ಅಂಕ, ಪ್ರಶ್ನೆಗಳು ಮಾತ್ರ ಬೇರೆ. ಆಂತರಿಕ ಅಂಕ ಮೊದಲಿನದೇ ಉಳಿಯುತ್ತದೆ. ಬೇಕಾಗುವುದು ಒಂದು ಕೊಠಡಿ, ಒಬ್ಬ ಮೇಲ್ವಿಚಾರಕರು, ಒಂದು ಕವರ್. ಕಾಲೇಜು ಕಾಲೇಜಿಗೆ ಕವರ್ ಕಳಿಸುವ ತಾಪತ್ರಯ ಬೇಡ ಅಂತ ಎಲ್ಲ ಕಾಲೇಜಿನ ಇಂಥ ಮಕ್ಕಳನ್ನು ವಿಶ್ವವಿದ್ಯಾಲಯದಲ್ಲೇ ಒಟ್ಟಿಗೆ ಕೂರಿಸಿದರು. ನಮ್ಮ ಹುಡುಗಿಯೂ ಅಲ್ಲೇ ಬರೆದಳು.

"ಅವಳಿಗೆ ಓದಲು ಜಾಸ್ತಿ ದಿನ ಸಿಕ್ಕಿತು" ಅನ್ನುವವರಿದ್ದಾರೆ. ಸಿಕ್ಕಿದ ದಿನಗಳು ಮ್ಯಾಟ್ ಮೇಲೆ ಕಳೆದವು. ಉಳಿದವರು ಓದಿಕೊಂಡಿದ್ದ ದಿನಗಳಲ್ಲಿ ಅವಳು ಊದಿದ ಮಂಡಿಗೆ ಐಸ್ ಇಟ್ಟುಕೊಂಡು ಮುಂದಿನ ಪಂದ್ಯಕ್ಕೆ ಇಳಿಯುತ್ತಿದ್ದಳು.

ದಿನಾಂಕದ ಬಗ್ಗೆ ಮಾತ್ರ ಹುಷಾರಾಗಿರಿ. ಮೌಲ್ಯಮಾಪನ ಮುಗಿಯುವುದರೊಳಗೆ ವಿಶೇಷ ಪರೀಕ್ಷೆ ನಡೆದರೆ ಫಲಿತಾಂಶ ಎಲ್ಲರ ಜೊತೆ ಬರುತ್ತದೆ. ತಡವಾದರೆ ತಡೆಹಿಡಿಯುತ್ತಾರೆ. ಅಂತಿಮ ಸೆಮಿಸ್ಟರ್‌ನವರಿಗೆ ಪಿಜಿ ಪ್ರವೇಶದ ಹೊತ್ತಿಗೆ ಅಂಕಪಟ್ಟಿ ಇಲ್ಲದಿದ್ದರೆ ಕಷ್ಟ. ಅರ್ಜಿಯಲ್ಲೇ ಅದನ್ನು ಒಂದು ಸಾಲು ಬರೆಯಿರಿ.

ನಮ್ಮಲ್ಲಿ ಅಂಥ ನಿಯಮವೇ ಇಲ್ಲ ಅಂತ ಕಚೇರಿ ಹೇಳಿದರೆ? 2000ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ, ತುರ್ತು ಸಂದರ್ಭದಲ್ಲಿ ಕುಲಪತಿಗಳು ತಾವೇ ಕ್ರಮ ತೆಗೆದುಕೊಂಡು ಆಮೇಲೆ ಸಂಬಂಧಪಟ್ಟ ಪ್ರಾಧಿಕಾರದ ಮುಂದೆ ಇಡಬಹುದು. ಪ್ರಾಂಶುಪಾಲರ ಮೂಲಕ ಕುಲಪತಿಗಳಿಗೇ ಬರೆಯಿರಿ. ಅದೂ ಆಗದಿದ್ದರೆ ಕೊನೆಯ ಬೇಡಿಕೆ ಇದು: ಮುಂದಿನ ಬಾರಿ ಬರೆಯುವ ಪೇಪರನ್ನು ಮೊದಲ ಪ್ರಯತ್ನ ಅಂತಲೇ ಪರಿಗಣಿಸಿ. ರ‍್ಯಾಂಕ್, ಚಿನ್ನದ ಪದಕಕ್ಕೆ ಬಹಳ ಕಡೆ ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಆಟಕ್ಕೆ ಹೋದವಳನ್ನು ಫೇಲಾದವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಇಷ್ಟೆಲ್ಲ ಓಡಾಟ ತಪ್ಪಿಸಲು ಒಂದು ಅವಕಾಶ ಮೊದಲೇ ಇರುತ್ತದೆ, ಅದನ್ನು ನಾವು ಬಳಸುವುದೇ ಇಲ್ಲ. ವಿಶ್ವವಿದ್ಯಾಲಯಗಳು ಮೊದಲು ತಾತ್ಕಾಲಿಕ ವೇಳಾಪಟ್ಟಿ ಹಾಕಿ ಆಕ್ಷೇಪಣೆ ಕರೆಯುತ್ತವೆ. ಎರಡು ವಿಷಯ ಒಂದೇ ದಿನ ಬಿದ್ದರೆ ಉಪನ್ಯಾಸಕರು ತಕ್ಷಣ ಬರೆಯುತ್ತಾರೆ. ಕ್ರೀಡಾ ಕೂಟದ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನಂತೆ ದೈಹಿಕ ಶಿಕ್ಷಣ ವಿಭಾಗದಲ್ಲಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಸಲ ತಾತ್ಕಾಲಿಕ ವೇಳಾಪಟ್ಟಿ ಬಂದ ದಿನವೇ ನಿಮ್ಮ ಆಟದ ರಾಜ್ಯ ಸಂಸ್ಥೆಗೆ ಫೋನ್ ಮಾಡಿ ದಿನಾಂಕ ಕೇಳಿ. ಅಡ್ಡ ಬಂದರೆ ಆಕ್ಷೇಪಣೆಯ ಗಡುವಿನೊಳಗೆ ಬರೆಯಿರಿ. ಮಕ್ಕಳೇ, ಅನುಮತಿ ಸಿಕ್ಕಿ ಆಡಿ ಬಂದವರು ಭಾಗವಹಿಸಿದ ಪ್ರಮಾಣಪತ್ರವನ್ನು ಅನುಮತಿ ಪತ್ರದಲ್ಲಿ ಹೇಳಿದ ದಿನದೊಳಗೆ ಕೊಟ್ಟುಬಿಡಿ. ಅದನ್ನು ಕೊಡದೆ ಫಲಿತಾಂಶ ನಿಂತುಹೋದ ಮಕ್ಕಳನ್ನೂ ನೋಡಿದ್ದೇನೆ.